ಬಟ್ಟೆ ಕೂರಲಿ

ಸ್ಟುಡಿಯೋದಮ್ಮ ಬೆಳಗಿನ ಪ್ರಾರ್ಥನೆ ಮುಗಿಸಿಕೊಂಡು ಅಂಗಡಿಗೆ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಎದುರಂಗಡಿಯ ಗಡಿಯಾರದವರು ಕಂಪ್ಯೂಟರಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು. ಅವರ ಒಂದು ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅವಳ ಮೈದುನ ಕುರ್ಚಿಯನ್ನು ಅವರತ್ತ ತಿರುಗಿಸಿಕೊಂಡು, "ಹೇಗಿದೆ ಅಣ್ಣ? ಜೀವ ಬಂದಂಗಿದೆ ಅಲ್ವಾ?" ಎಂದು ಹೆಮ್ಮೆಯಿಂದ ಕೇಳುತ್ತಿದ್ದ.

ತೆರೆಯ ಮೇಲೆ ಗಡಿಯಾರದವರ ಮಗಳಿದ್ದಳು. ತೀರಿಕೊಂಡು ವರ್ಷ ತುಂಬುತ್ತ ಬಂದಿದ್ದ ಹುಡುಗಿ. ಅಪ್ಪನ ಅಂಗಡಿಯ ಬಾಗಿಲಿಗೆ ಒರಗಿ ನಿಂತ ಹಳೆಯ ಫೋಟೋ ಅದು. ಸ್ಟುಡಿಯೋದಮ್ಮನ ಗಂಡ ಬದುಕಿದ್ದಾಗ ತೆಗೆದದ್ದು. ಈಗ ಆ ಫೋಟೋ ಚಲಿಸುತ್ತಿತ್ತು. ಎಲ್ಲಿಂದಲೋ ಬಿರುಗಾಳಿ ನುಗ್ಗಿ ಬಂದಂತೆ ಹುಡುಗಿಯ ಕೂದಲು ಒಂದು ಕಡೆಗೆ ಹಾರಿದರೆ ದುಪಟ್ಟಾ ಇನ್ನೊಂದು ಕಡೆಗೆ ಹಾರುತ್ತಿತ್ತು. ನೀಲಿ ಬಟ್ಟೆ ಪಟಪಟ ಬಡಿದುಕೊಂಡು, ಮಾರುದ್ದ ಬೆಳೆದು, ಭುಜ ದಾಟಿ, ಬೆನ್ನ ಹಿಂದೆ ಹೋಗಿ, ಮತ್ತೆ ಬಂದು ಕುತ್ತಿಗೆಗೆ ಸುತ್ತಿಕೊಳ್ಳುತ್ತಿತ್ತು. ಅದರ ನಡುವೆ ಹುಡುಗಿ ನಗುತ್ತಲೇ ಇದ್ದಳು.

ಸ್ಟುಡಿಯೋದಮ್ಮ ಚಪ್ಪಲಿ ಕೂಡ ಬಿಡದೆ ಬಂದು ಪರದೆಯನ್ನು ಆರಿಸಿದಳು.

"ಯಾಕೆ ಅತ್ತಿಗೆ?" ಮೈದುನ ಕಣ್ಣರಳಿಸಿದ.

ಗಡಿಯಾರದವರು ನಿಧಾನವಾಗಿ ಎದ್ದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು, "ತಂಗಿ, ಗಾಳಿ ಸ್ವಲ್ಪ ಕಡಿಮೆ ಮಾಡೋಕಾಗುತ್ತಾ?" ಎಂದರು. ಫ್ಯಾನಿನ ಗಾಳಿ ಕಡಿಮೆ ಮಾಡಿ ಎಂದು ಕೇಳಿದ ಹಾಗಿತ್ತು ಅದು. ಆಮೇಲೆ ಬೀದಿ ದಾಟಿ ತಮ್ಮ ಅಂಗಡಿಗೆ ಹೋದರು. ಹೋಗುವ ಮೊದಲು ಎರಡೂ ಕಡೆ ನೋಡಿದರು. ಯಾವ ಗಾಡಿಯೂ ಬರುತ್ತಿರಲಿಲ್ಲ, ಆದರೂ ಬಹಳ ಹೊತ್ತು ನೋಡಿದರು.

"ನಾನೇನು ಮಾಡ್ದೆ?" ಎಂದ ಮೈದುನ. "ಮದುವೆ ಫೋಟೋಗಳಿಗೆ ಅಂತ ಯಂತ್ರಕ್ಕೆ ಬರ್ದು ಹಾಕೋ ಮಾತನ್ನೇ ಹಾಕಿದ್ದು. ಎಲ್ರೂ ಇದನ್ನೇ ಕೇಳ್ಕೊಂಡು ಬರ್ತಾರಲ್ಲ?"

ಅವನ ಮಾತೂ ನಿಜವೇ. ಅವನು ದೂರದ ಊರಿನಲ್ಲಿ ಮದುವೆಯ ವಿಡಿಯೋ ಮಾಡಿಕೊಂಡಿದ್ದವನು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಗೆ ಆಸರೆಯಾಗಲೆಂದು ಗಂಟುಮೂಟೆ ಕಟ್ಟಿಕೊಂಡು ಬಂದಿದ್ದ. ನಿಂತ ಫೋಟೋವನ್ನು ಚಲಿಸುವಂತೆ ಮಾಡುವ ಈ ಹೊಸ ವಿದ್ಯೆಯನ್ನು ಸ್ಟುಡಿಯೋಗೆ ತಂದವನೂ ಅವನೇ. ಫೋಟೋ ಕೊಟ್ಟು, ಅದರಲ್ಲಿ ಏನೇನು ಅಲುಗಬೇಕೆಂದು ಮಾತಿನಲ್ಲಿ ಬರೆದುಕೊಟ್ಟರೆ ಯಂತ್ರ ಕೆಲವು ಕ್ಷಣಗಳ ಚಿತ್ರ ಮಾಡಿ ಒಪ್ಪಿಸುತ್ತದೆ. ಅಂಗಡಿಯ ಮುಂದಿನ ಟಿವಿಯಲ್ಲಿ ವಧುಗಳ ಸೆರಗು ಮೋಡದಂತೆ ತೇಲುವುದನ್ನು ನೋಡಿಯೇ ಗಡಿಯಾರದವರು ಮಗಳ ಫೋಟೋ ತಂದದ್ದು. ಹುಡುಗಿ ಅಪಘಾತದಲ್ಲಿ ಹೋದಳೆಂದು ಮೈದುನನಿಗೆ ಗೊತ್ತಿತ್ತು. ಹೇಗೆಂದು ಗೊತ್ತಿರಲಿಲ್ಲ. ಆ ಮಾತನ್ನು ಬೀದಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಸ್ಟುಡಿಯೋದಮ್ಮ ಕುಳಿತುಕೊಂಡು ಹೇಳಿದಳು. ಸ್ಕೂಟರ್ ಓಡಿಸುತ್ತಿದ್ದವರು ಗಡಿಯಾರದವರೇ. ಹಿಂದೆ ಮಗಳು ಕೂತಿದ್ದಳು. ಅವಳ ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ತಾಯಿ ಮನೆಯ ಗೇಟಿನಲ್ಲಿ ನಿಂತು ಕೈ ಬೀಸುತ್ತಿದ್ದಳು. ಬಟ್ಟೆ ಹಾರುವುದನ್ನು ಕಂಡು ಕೂಗಿದ್ದಳು. ಗಾಡಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮೈದುನ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. "ದೇವ್ರೇ... ನಾನು ಕುತ್ತಿಗೆಗೆ ಸುತ್ತಿಸಿ ತೋರಿಸ್ದೆನಲ್ಲ ಅತ್ತಿಗೆ."

"ನಿನಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ ಅಂದ್ರೆ ಆಯ್ತಾ?"

ದೇವರ ಬಳಿ ಅವಳೂ ಇಂಥವೇ ಕೆಲವು ಪ್ರಶ್ನೆಗಳನ್ನು ಇಟ್ಟು ಕಾಯುತ್ತಿದ್ದಳು.

ಆ ಹುಡುಗಿಯ ತಾಯಿಯ ಸ್ಥಿತಿ ಸ್ಟುಡಿಯೋದಮ್ಮನಿಗೆ ಗೊತ್ತಿತ್ತು. ಆವತ್ತಿನಿಂದ ಆಕೆ ಒಗೆದ ಬಟ್ಟೆಯನ್ನು ಅಂಗಳದ ಹಗ್ಗಕ್ಕೆ ಹಾಕಿಲ್ಲ. ಕೋಣೆಯೊಳಗೆ ಕಿಟಕಿ ಮುಚ್ಚಿ ಒಣಗಿಸುತ್ತಾಳೆ. ಮನೆಯೆಲ್ಲ ಮುಗ್ಗಲು ವಾಸನೆ. ಪರದೆಗಳನ್ನು ತೆಗೆಸಿಹಾಕಿದ್ದಾಳೆ. ಮಗಳ ದುಪಟ್ಟಾಗಳನ್ನೆಲ್ಲ ಒಂದೊಂದಾಗಿ ಮಡಚಿ, ಒಂದೊಂದಕ್ಕೂ ಗಂಟು ಹಾಕಿ, ಟ್ರಂಕಿನ ತಳದಲ್ಲಿ ಇಟ್ಟಿದ್ದಾಳೆ. ಫೋಟೋಗಳನ್ನು ಗೋಡೆಗೆ ತಿರುಗಿಸಿದ್ದಾಳೆ. "ಕಣ್ಣು ಮುಚ್ಚಿದ್ರೆ ಆ ಬಟ್ಟೇನೇ ಕಾಣುತ್ತೆ. ಮುಖ ಬರಲ್ಲ. ನನ್ನ ಮಗಳ ಮುಖ ನನಗೇ ಮರೆತುಹೋಗ್ತಿದೆ" ಎಂದು ಒಮ್ಮೆ ಪ್ರಾರ್ಥನೆ ಮುಗಿದ ಮೇಲೆ ಸ್ಟುಡಿಯೋದಮ್ಮನ ಕೈ ಹಿಡಿದುಕೊಂಡು ಹೇಳಿದ್ದಳು.

ನಾಡಿದ್ದು ವರ್ಷದ ಪ್ರಾರ್ಥನೆ. ನೆಂಟರೆಲ್ಲ ಸೇರುತ್ತಾರೆ. ಅಷ್ಟರೊಳಗೆ ಹೆಂಡತಿ ಒಂದೇ ಒಂದು ಸಲ ಮಗಳ ಮುಖವನ್ನು ಹೆದರದೆ ನೋಡಬೇಕು; ಗಡಿಯಾರದವರ ಆಸೆ ಇಷ್ಟೇ.

"ಹಾಗಾದ್ರೆ ಬಟ್ಟೆ ಅಲುಗೋದೇ ಬೇಡ" ಎಂದ ಮೈದುನ, ಕೀಲಿಮಣೆ ಎಳೆದುಕೊಂಡು. ಹಳೆಯ ಮಾತಿನಲ್ಲಿ, "ಜೋರಾದ ಗಾಳಿ, ಹಾರಾಡುವ ಕೂದಲು, ತೇಲಿ ಅಲೆಯಾಗುವ ದುಪಟ್ಟಾ, ನಿಧಾನವಾಗಿ ಹತ್ತಿರ ಬರುವ ಕ್ಯಾಮೆರಾ" ಎಂದು ಬರೆದಿತ್ತು. ಅದನ್ನೆಲ್ಲ ಅಳಿಸಿ, "ದುಪಟ್ಟಾ ಮತ್ತು ಕೂದಲು ಸಂಪೂರ್ಣ ನಿಶ್ಚಲ. ಹುಡುಗಿ ಕಣ್ಣು ಮಿಟುಕಿಸುತ್ತಾಳೆ" ಎಂದು ಬರೆದ.

ಬಂದ ಚಿತ್ರದಲ್ಲಿ ದುಪಟ್ಟಾ ಬಣ್ಣ ಬಳಿದ ತಗಡಿನಂತಿತ್ತು. ಆ ತಗಡಿನ ಮೇಲೆ ಕೂತ ಮುಖ ಮಾತ್ರ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಉಸಿರಾಡುವ ಎದೆಯ ಮೇಲೆ ಉಸಿರಾಡದ ಬಟ್ಟೆ.

"ಇದು ಬೇಡ. ಇದು ಅದಕ್ಕಿಂತ ಕೆಟ್ಟದು" ಎಂದಳು ಸ್ಟುಡಿಯೋದಮ್ಮ.

"ಸರಿ, ಗಾಳಿ ಇರ್ಲಿ, ಬುದ್ಧಿ ಹೇಳೋಣ." ಅವನು ಬರೆದ: "ಮೆಲುಗಾಳಿ. ದುಪಟ್ಟಾ ಹಾರಬಾರದು. ಪಟಪಟ ಬಡಿಯಬಾರದು. ಕುತ್ತಿಗೆಗೆ ಸುತ್ತಿಕೊಳ್ಳಬಾರದು."

ದುಪಟ್ಟಾ ಹಾರಿತು, ಬಡಿಯಿತು, ಸುತ್ತಿಕೊಂಡಿತು.

"ಕಿವಿ ಕೇಳಲ್ವಾ ಇದಕ್ಕೆ!" ಮೈದುನ ಮೇಜು ಗುದ್ದಿದ. "ಬೇಡ ಬೇಡ ಅಂತ ಬಡ್ಕೊಂಡ್ರೂ ಅದನ್ನೇ ಮಾಡುತ್ತೆ. ಥೇಟ್ ನಮ್ಮಣ್ಣನ ಹಾಗೆ. ಸಿಹಿ ತಿನ್ಬೇಡ ಅಂದ್ರೆ ಡಬ್ಬಿ ಹುಡುಕ್ಕೊಂಡು ಹೋಗ್ತಿದ್ದ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಂಕಟವೂ ಆಯಿತು. ಗೋಡೆಯ ಮೇಲೆ ಗಂಡನ ಫೋಟೋ ಇತ್ತು, ಗಿರಾಕಿಗಳಿಗೆಂದು ಅವನೇ ಕೊಂಡು ತಂದಿಟ್ಟಿದ್ದ ಕಪ್ಪು ಚೌಕಟ್ಟಿನಲ್ಲಿ.

ಮೈದುನ ಈಗ ಬರೆದದ್ದನ್ನು ಅವಳು ಮತ್ತೆ ಓದಿದಳು. "ನೀನು ಬೇಡ ಅಂತ ಹೇಳಿದ್ದೀಯ, ನಿಜ. ಆದ್ರೆ ಇದರಲ್ಲಿರೋ ಮಾತು ನೋಡು. ಹಾರು, ಬಡಿ, ಸುತ್ತು. ಬಾರದು ಅನ್ನೋದು ಬಾಲದಲ್ಲಿದೆ. ಅದಕ್ಕೆ ತಲೆ ಮಾತ್ರ ಕೇಳಿಸ್ತಿದೆ. ಏನು ಬೇಡ ಅಂತ ಹೇಳೋದು ಬಿಡು. ಏನು ಬೇಕೋ ಅದನ್ನ ಹೇಳೋಣ."

"ಏನು ಬೇಕು?"

ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಎದುರಂಗಡಿಯಲ್ಲಿದ್ದರು.

ಗಡಿಯಾರದವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾಗಿ ಕೂತಿದ್ದರು. ಮುಂದೆ ಬಿಚ್ಚಿದ ಕೈಗಡಿಯಾರ. ಆದರೆ ಚಿಮಟ ಹಿಡಿದ ಕೈ ಅಲುಗುತ್ತಿರಲಿಲ್ಲ. ಕೆಲಸ ಮಾಡುವಂತೆ ಕೂತಿದ್ದರು, ಅಷ್ಟೆ.

"ಅಣ್ಣ, ಒಂದು ವಿಷ್ಯ ಕೇಳ್ಬೇಕು. ನೋವಾದ್ರೆ ಹೇಳ್ಬೇಡಿ."

"ಕೇಳು ತಂಗಿ. ಇನ್ನೇನು ನೋವಾಗೋದು."

"ಆ ನೀಲಿ ದುಪಟ್ಟಾ ಯಾವ ಬಟ್ಟೆ?"

ಅವರು ಭೂತಗನ್ನಡಿ ತೆಗೆದರು. ಇಂಥ ಪ್ರಶ್ನೆಯನ್ನು ವರ್ಷದಿಂದ ಯಾರೂ ಕೇಳಿರಲಿಲ್ಲ. "ಹತ್ತಿ. ತೆಳು ಹತ್ತಿ, ಆದ್ರೆ ಅವರಮ್ಮ ಗಂಜಿ ಹಾಕ್ತಿದ್ಲು. ಗಂಜಿ ಹಾಕಿದ್ಮೇಲೆ ಸ್ವಲ್ಪ ಭಾರ. ಅಂಚಿಗೆ ದಪ್ಪ ಹೊಲಿಗೆ ಇತ್ತು. ಎಡ ಭುಜಕ್ಕೆ ಪಿನ್ ಹಾಕ್ಕೋತಿದ್ಲು. ಒಂದು ತುದಿ ಮಾತ್ರ ಸಡಿಲ."

"ಇಲ್ಲಿ ಬಾಗಿಲಲ್ಲಿ ನಿಂತಾಗ ಅದು ಅಲುಗ್ತಿತ್ತಾ?"

ಅವರು ಮೇಜಿನ ಬದಿಯಲ್ಲಿದ್ದ ಪುಟ್ಟ ಟೇಬಲ್ ಫ್ಯಾನಿನತ್ತ ನೋಡಿದರು. "ನನ್ನ ಮೇಜಿನ ಮೇಲೆ ಗಾಳಿ ಬಿಡೋ ಹಾಗಿಲ್ಲ. ಸ್ಕ್ರೂಗಳು ಹಾರಿಹೋಗ್ತವೆ. ಅದಕ್ಕೆ ಫ್ಯಾನ್‌ನ ಬಾಗಿಲ ಕಡೆ ತಿರುಗಿಸಿ ಇಡೋದು. ಅದು ತಲೆ ಆಡಿಸ್ತಾ ಒಂದ್ಸಲ ಬಾಗಿಲ ಹತ್ರ ಬರುತ್ತೆ, ಆಮೇಲೆ ಗೋಡೆ ಕಡೆ ಹೋಗುತ್ತೆ. ಬಂದಾಗ ಅವಳ ಕಿವಿ ಹತ್ರದ ಕೂದಲು ಮೊದ್ಲು ಅಲುಗೋದು. ಆಮೇಲೆ ದುಪಟ್ಟಾ ತುದಿ ಎರಡು ಬೆರಳಷ್ಟು ಮೇಲೆ. ಫ್ಯಾನ್ ಆ ಕಡೆ ಹೋದ್ರೆ..." ಅವರು ಅಂಗೈಯನ್ನು ಮೇಲೆತ್ತಿ ನಿಧಾನವಾಗಿ ಮೇಜಿನ ಮೇಲೆ ಇಳಿಸಿದರು. "'ಅಪ್ಪಾ, ನಿಮ್ಮ ಸ್ಕ್ರೂಗಿರೋ ಮರ್ಯಾದೆ ನನಗಿಲ್ಲ, ನನ್ನನ್ನ ಗಾಳಿಗೆ ನಿಲ್ಲಿಸ್ತೀರಿ' ಅನ್ನೋಳು."

ಸ್ಟುಡಿಯೋದಮ್ಮ ಬೀದಿಯತ್ತ ನೋಡುತ್ತ ನಿಂತಳು, ಅವರು ಸುಧಾರಿಸಿಕೊಳ್ಳುವವರೆಗೆ.

ಅಂಗಡಿಗೆ ಮರಳಿದ ಮೇಲೆ ಅವಳು ಹೇಳಿದಂತೆ ಮೈದುನ ಬರೆದ. "ಎಡಗಡೆಯಿಂದ ತಲೆ ಆಡಿಸುವ ಟೇಬಲ್ ಫ್ಯಾನಿನ ಗಾಳಿ" ಎಂಬ ಮಾತೂ ಸೇರಿತು.

ಯಂತ್ರ ಹುಡುಗಿಯ ಪಕ್ಕದಲ್ಲೇ ಒಂದು ಟೇಬಲ್ ಫ್ಯಾನನ್ನು ಹುಟ್ಟಿಸಿ ನಿಲ್ಲಿಸಿತು. ಆಳೆತ್ತರದ ಫ್ಯಾನು. ಅದೂ ನಗುತ್ತಿರುವಂತೆ ಕಂಡಿತು.

"ಬಂದ್ರಪ್ಪ ಬೀಗರು" ಎಂದ ಮೈದುನ.

"ಹೆಸರು ಹೇಳಿದ್ರೆ ಎದುರಿಗೇ ಬಂದು ನಿಲ್ಲುತ್ತೆ ಇದು. ಫ್ಯಾನ್ ತೆಗಿ. ಅದು ಮಾಡೋ ಕೆಲಸ ಮಾತ್ರ ಇರ್ಲಿ."

ಆ ದಿನ ಮಧ್ಯಾಹ್ನವೆಲ್ಲ ಅವರು ಅದರಲ್ಲೇ ಮುಳುಗಿದ್ದರು. ಪಾಸ್‌ಪೋರ್ಟ್ ಫೋಟೋಗೆ ಬಂದವರನ್ನು ಮೈದುನ ಕೂರಿಸಿ, ತೆಗೆದು, ಕಳಿಸಿ ಮತ್ತೆ ಬರುತ್ತಿದ್ದ. ಒಮ್ಮೆ ಮಾತು ಸರಿಯಾಗಿದ್ದರೂ ಚಿತ್ರದಲ್ಲಿ ಬಟ್ಟೆಯೂ ಕೈಯೂ ಒಂದಕ್ಕೊಂದು ಅಂಟಿಕೊಂಡವು. ಅದೇ ಮಾತನ್ನು ಮತ್ತೆ ಕೊಟ್ಟರೆ ಬೇರೆಯೇ ರೀತಿ ಬಂತು. ಬಟ್ಟೆ ಹತ್ತಿಯದೆಂದೂ, ಗಂಜಿ ಹಾಕಿದ್ದೆಂದೂ, ಅಂಚು ಭಾರವೆಂದೂ ಬರೆದ ಮೇಲೆ ಅದು ಮಾರುದ್ದ ಬೆಳೆಯುವುದು ನಿಂತಿತು. ಭುಜದಲ್ಲಿ ಪಿನ್ ಇದೆ, ಆ ಭಾಗ ಅಲುಗದೆ ಇರುತ್ತದೆ ಎಂದ ಮೇಲೆ ಕುತ್ತಿಗೆಯ ಹತ್ತಿರ ಅದು ಸುಳಿಯಲಿಲ್ಲ. ಗಾಳಿ ಒಂದೇ ಕಡೆಯಿಂದ ಎಂದ ಮೇಲೆ ಕೂದಲೂ ಬಟ್ಟೆಯೂ ಜಗಳ ಬಿಟ್ಟವು. ಹತ್ತಿರ ಬರುತ್ತಿದ್ದ ಕ್ಯಾಮೆರಾ ಇದ್ದಲ್ಲೇ ಇರಲಿ ಎಂದೂ ಅವಳು ಬರೆಸಿದಳು.

ಆದರೂ ಏನೋ ಸರಿಯಿರಲಿಲ್ಲ. ದುಪಟ್ಟಾ ಈಗ ಬಡಿಯುತ್ತಿರಲಿಲ್ಲ; ತುದಿ ಮೆಲ್ಲಗೆ ಮೇಲೇಳುತ್ತಿತ್ತು. ಮೇಲೆದ್ದದ್ದು ಏಳುತ್ತಲೇ ಇತ್ತು. ಚಿತ್ರ ಮುಗಿಯುವ ಹೊತ್ತಿಗೆ ಅದು ಹುಡುಗಿಯ ಗಲ್ಲದ ಮಟ್ಟಕ್ಕೆ ಬಂದು ನಡುಗುತ್ತಿತ್ತು, ಮುಂದೆ ಏನಾಗುವುದೋ ಎಂಬಂತೆ.

"ಇಷ್ಟು ಸಾಕು ಅತ್ತಿಗೆ. ಮೆತ್ತಗಾಗಿದೆಯಲ್ಲ."

"ಸಾಲದು. ಅವರಮ್ಮ ಇದನ್ನ ನೋಡಿದ್ರೆ ಉಸಿರು ಬಿಗಿ ಹಿಡ್ಕೋತಾಳೆ. ಮುಂದೇನು ಅಂತ ಅವಳಿಗೆ ಗೊತ್ತು."

ಅವಳು ಎದ್ದು ನೀರು ಕುಡಿದಳು. ಒಳಗಿನ ಕೋಣೆಯಲ್ಲಿ ಗಂಡನ ಹಳೆಯ ಕ್ಯಾಮೆರಾ ಬಟ್ಟೆ ಹೊದ್ದು ನಿಂತಿತ್ತು. ಹೆಂಗಸರು ಫೋಟೋಗೆ ಬಂದರೆ ಅವನು ಮಾಡುತ್ತಿದ್ದ ಗೋಳು ನೆನಪಾಯಿತು. ಅವರು ಬಂದು ಕೂತು, ಸೆರಗು ಸರಿಮಾಡಿಕೊಂಡು, ತೆಗೀರಿ ಎಂದರೂ ತೆಗೆಯುತ್ತಿರಲಿಲ್ಲ. ಕೈಯೆತ್ತಿ, "ತಡೀರಿ, ತಡೀರಿ. ಬಟ್ಟೆ ಕೂರ್ಲಿ" ಎನ್ನುತ್ತಿದ್ದ. ಮನುಷ್ಯರು ಕೂತ ಮೇಲೂ ಬಟ್ಟೆ ಕೂರಲು ಒಂದು ಗಳಿಗೆ ಬೇಕು. ಅದು ತನ್ನ ಭಾರಕ್ಕೆ ತಾನು ಇಳಿಯಬೇಕು. ಜನ ಬೇಸರಪಡುತ್ತಿದ್ದರು. ಅವನು ಕಾಯುತ್ತಿದ್ದ.

ಆಸ್ಪತ್ರೆಯಲ್ಲಿ ಅವನ ಮೈಮೇಲೆ ಬಿಳಿ ಬಟ್ಟೆ ಹೊದಿಸಿದಾಗಲೂ ಅದು ಸ್ವಲ್ಪ ಉಬ್ಬಿ, ಮೆಲ್ಲಗೆ ಕೂತಿತ್ತು. ಅವಳು ನೋಡಿದ್ದಳು.

ಕಣ್ಣೊರೆಸಿಕೊಂಡು ಬಂದು ಕುರ್ಚಿಯ ಪಕ್ಕ ನಿಂತಳು. "ನಾವು ಏಳೋದನ್ನೇ ಹೇಳಿದ್ವಿ. ಕೂರೋದನ್ನ ಹೇಳೇ ಇಲ್ಲ. ಬರಿ."

ಅವನು ಬರೆದ. "ಎಡದಿಂದ ಒಂದು ಸಣ್ಣ ಗಾಳಿ ಬಂದು ಹೋಗುತ್ತದೆ. ಕಿವಿಯ ಬಳಿಯ ನಾಲ್ಕು ಎಳೆ ಕೂದಲು ಮೊದಲು ಅಲುಗುತ್ತವೆ. ಜಡೆ ಇದ್ದಲ್ಲೇ ಇರುತ್ತದೆ. ಗಂಜಿ ಹಾಕಿದ ಹತ್ತಿಯ ದುಪಟ್ಟಾದ ಸಡಿಲ ತುದಿ ಎರಡು ಬೆರಳಷ್ಟು ಏಳುತ್ತದೆ. ಗಾಳಿ ನಿಲ್ಲುತ್ತದೆ. ತುದಿ ತನ್ನ ಭಾರಕ್ಕೆ ತಾನೇ ಇಳಿದು, ಮೊದಲಿದ್ದಲ್ಲಿಯೇ ಕೂರುತ್ತದೆ. ಕೂತ ಮೇಲೆ ಹುಡುಗಿ ಒಮ್ಮೆ ಉಸಿರು ಬಿಡುತ್ತಾಳೆ."

"ಸಾಕಾ?"

"ಚಲನೆ ಎಷ್ಟಿರ್ಬೇಕು ಅಂತ ಕೇಳುತ್ತಲ್ಲ, ಅದನ್ನ ಕೆಳಗಿಳಿಸು. ಇನ್ನೂ ಸ್ವಲ್ಪ. ಹೂಂ."

ಯಂತ್ರ ಯೋಚಿಸುತ್ತಿರುವಾಗ ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ದೇವರನ್ನು ಕರೆದಳು. ಯಂತ್ರದ ಕೆಲಸಕ್ಕೆ ದೇವರನ್ನು ಕರೆಯಬಹುದೋ ಇಲ್ಲವೋ ಅವಳಿಗೆ ತಿಳಿಯದು. ಕೇಳುತ್ತಿದ್ದದ್ದು ಯಂತ್ರಕ್ಕಾಗಿ ಅಲ್ಲ.

ಚಿತ್ರ ಬಂತು. ಕೂದಲೆಳೆ ಅಲುಗಿತು. ನೀಲಿ ತುದಿ ಎದ್ದಿತು, ಗಾಳಿ ಹೋಯಿತು, ತುದಿ ಇಳಿದು, ಹುಡುಗಿಯ ಸೊಂಟದ ಬಳಿ ಒಂದು ಮಡಿಕೆಯಾಗಿ ಕೂತಿತು. ಹುಡುಗಿ ಉಸಿರು ಬಿಟ್ಟಳು.

ಮೈದುನ ಪರದೆಯತ್ತ ಬಾಗಿ ಇನ್ನೊಮ್ಮೆ ನೋಡಿದ. ಆಮೇಲೆ, "ಇವಳನ್ನ ನಾನು ನೋಡೇ ಇರ್ಲಿಲ್ಲ ಅತ್ತಿಗೆ. ಈಗ ಗೊತ್ತಿರೋ ಹುಡುಗಿ ಥರ ಕಾಣ್ತಿದ್ದಾಳೆ" ಎಂದ. ಬೆಳಗಿನದನ್ನೂ, ನಂತರದ ಎಲ್ಲವನ್ನೂ ಒಂದೊಂದಾಗಿ ಅಳಿಸಿಹಾಕಿದ. ಅವಳು ಹೇಳಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಗಡಿಯಾರದವರು ಹೆಂಡತಿಯನ್ನು ಕರೆದುಕೊಂಡು ಬಂದರು. ನಡೆದೇ ಬಂದರು, ಆ ಮನೆಯಲ್ಲಿ ಈಗ ಗಾಡಿಯಿಲ್ಲ. ಆಕೆಯ ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿತ್ತು. ಬಾಗಿಲಲ್ಲೇ ನಿಂತು, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. ಸ್ಟುಡಿಯೋದಮ್ಮ ಎದ್ದು ಅದನ್ನು ಆರಿಸಿದಳು.

"ಬನ್ನಿ ಅಕ್ಕ. ಕೂತ್ಕೊಳ್ಳಿ."

"ನೀನೂ ನೋಡಿದ್ಯಾ?" ಆಕೆ ಕೇಳಿದಳು.

"ನೋಡಿದ್ದೀನಿ."

"ಹಾರುತ್ತಾ?"

"ಇಲ್ಲಕ್ಕ. ಒಂದು ಸಲ ಏಳುತ್ತೆ. ಕೂತ್ಕೊಳ್ಳುತ್ತೆ. ಅಷ್ಟೇ. ನನ್ನ ಕೈ ಹಿಡ್ಕೊಳ್ಳಿ."

ಆಕೆಯ ಕೈ ತಣ್ಣಗಿತ್ತು. ಮೈದುನ ಗುಂಡಿ ಒತ್ತಿ, ಗೋಡೆಯ ಕಡೆ ಸರಿದು ನಿಂತ. ಗಡಿಯಾರದವರು ಹೆಂಡತಿಯ ಹಿಂದೆ ನಿಂತಿದ್ದರು, ಪರದೆಯನ್ನಲ್ಲ, ಆಕೆಯ ಮುಖವನ್ನು ನೋಡುತ್ತ.

ಕೂದಲೆಳೆ ಅಲುಗಿದಾಗ ಆಕೆ ಏನೂ ಮಾಡಲಿಲ್ಲ. ನೀಲಿ ತುದಿ ಎದ್ದ ಕ್ಷಣ ಅವಳ ಉಗುರುಗಳು ಸ್ಟುಡಿಯೋದಮ್ಮನ ಅಂಗೈಗೆ ನಾಟಿದವು; ಆ ದಿನದ ಕೂಗು ಇನ್ನೊಮ್ಮೆ ಗಂಟಲಿಗೆ ಬಂದದ್ದು ಕಂಡಿತು. ತುದಿ ಇಳಿಯತೊಡಗಿತು. ಇಳಿದು ಕೂತಿತು. ಉಗುರುಗಳು ಒಂದೊಂದಾಗಿ ಸಡಿಲವಾದವು.

ಆಗ ಆಕೆಯ ಕಣ್ಣು ಬಟ್ಟೆಯಿಂದ ಮೇಲಕ್ಕೆ ಹೋಯಿತು.

"ಅಯ್ಯೋ, ಹುಬ್ಬಿನ ಹತ್ರ ಮಚ್ಚೆ ಇತ್ತಲ್ಲ" ಎಂದಳು, ಯಾರಿಗೋ ಹೇಳಿದಂತೆ. "ಮರ್ತೇಬಿಟ್ಟಿದ್ದೆ. ಹುಟ್ಟಿದಾಗ ಕೊಳೆ ಅಂತ ಒರೆಸಿದ್ದೆ ನಾನು."

ಚಿತ್ರ ಮುಗಿದು, ಯಂತ್ರದ ಅಭ್ಯಾಸದಂತೆ, ಮತ್ತೆ ಮೊದಲಿನಿಂದ ಶುರುವಾಯಿತು. ಕೂದಲೆಳೆ ಮತ್ತೆ ಅಲುಗಿತು.

"ಬೇಡ" ಎಂದಳು ಆಕೆ. "ಮತ್ತೆ ಏಳೋದು ಬೇಡ. ಕೂತಾಗ ಹೇಗಿದ್ಲೋ, ಅಲ್ಲಿ ನಿಲ್ಸಿ."

ಮೈದುನ ಓಡಿಬಂದು ನಿಲ್ಲಿಸಿದ. ತುದಿ ಕೂತು, ಉಸಿರು ಬಿಟ್ಟ ಕೊನೆಯ ಚಿತ್ರ ಪರದೆಯ ಮೇಲೆ ಉಳಿಯಿತು. ಅದು ಸ್ಟುಡಿಯೋದಮ್ಮನ ಗಂಡ ತೆಗೆದ ಫೋಟೋಗಿಂತ ಕೂದಲೆಳೆಯಷ್ಟು ಬೇರೆ. ತುಟಿ ಸ್ವಲ್ಪ ತೆರೆದಿತ್ತು, ಮಾತು ಮುಗಿಸಿದವರ ಹಾಗೆ.

"ನಾಳೆ ಇದನ್ನೇ ಇಡೋಣ" ಎಂದಳು ಆಕೆ ತನ್ನ ಗಂಡನಿಗೆ. "ಓಡೋದು ಯಾರಿಗೂ ತೋರಿಸ್ಬೇಡಿ. ನಾನು ನೋಡಿದ್ದು ಸಾಕು."

ಅವರು ತಲೆಯಾಡಿಸಿದರು. ಆಕೆ ಒಮ್ಮೆಯೂ ಹಿಂದೆ ತಿರುಗಿ ಅವರನ್ನು ನೋಡಲಿಲ್ಲ. ವರ್ಷದಿಂದಲೂ ನೋಡಿರಲಿಲ್ಲವೇನೋ. ಸ್ಟುಡಿಯೋದಮ್ಮನಿಗೆ ಅದು ಆಗ ತಿಳಿಯಿತು. ಅದಕ್ಕೆ ಹೊಂದುವ ಮಾತನ್ನು ಬರೆದುಕೊಡುವುದು ಅವಳಿಂದಾಗಲಿ ಯಂತ್ರದಿಂದಾಗಲಿ ಆಗುವಂಥದ್ದಲ್ಲ.

ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಸಿಕ್ಕಿಸಿದ ಸೆರಗನ್ನು ಮತ್ತೆ ಮುಟ್ಟಿ ನೋಡಿಕೊಂಡಳು. ಬೀದಿಯಲ್ಲಿ ಸ್ವಲ್ಪ ಗಾಳಿಯಿತ್ತು. ಇಬ್ಬರೂ ನಡೆದರು, ಅವರು ಮುಂದೆ, ಆಕೆ ನಾಲ್ಕು ಮಾರು ಹಿಂದೆ.

ಸ್ಟುಡಿಯೋದಮ್ಮ ಒಳಗೆ ಬಂದು ಫ್ಯಾನ್ ಹಾಕಿದಳು.

"ಅಣ್ಣನ ಫೋಟೋನೂ ಒಂದ್ಸಲ ಮಾಡೋಣ್ವಾ ಅತ್ತಿಗೆ?" ಮೈದುನ ಮೆಲ್ಲಗೆ ಕೇಳಿದ. "ನಾನು ಈಗ ಸರಿಯಾಗಿ ಬರೀತೀನಿ."

ಅವಳು ಗೋಡೆಯ ಕಡೆ ನೋಡಿದಳು. ಗಂಡನ ಹೆಗಲ ಮೇಲೆ ಅವನು ಸದಾ ಹಾಕುತ್ತಿದ್ದ ಶಲ್ಯ, ಅಲುಗದೆ.

"ಬೇಡ" ಎಂದಳು. "ಪ್ರಿಂಟ್ ತೆಗಿ. ನಾಳೆ ಬೆಳಿಗ್ಗೆ ಬೇಗ ಕೊಡ್ಬೇಕು."